ಹತ್ತು ಕೋಟಿ ಹಾಡಿದೆ, ಅಪ್ಪ ಕೇಳಿದ್ದೇ ಇಲ್ಲ

ಮ್ಯೂಸಿಕ್ ಆ್ಯಪ್‌ಗಳ ಜಾಹೀರಾತು ನೋಡಿದ್ದೀರಲ್ಲ. ಹತ್ತು ಕೋಟಿ ಹಾಡು, ಅತ್ಯುತ್ತಮ ಗುಣಮಟ್ಟದಲ್ಲಿ, ತಿಂಗಳಿಗೆ ಎರಡು ಮಸಾಲೆದೋಸೆಯ ಬೆಲೆಗೆ. ಈ ಸಾಲಿನಲ್ಲಿ ಮೂರು ಮಾತಿವೆ. ನನ್ನ ತಕರಾರು ಏನು ಅಂದ್ರೆ, ಹಳೆಯ ಸಿನಿಮಾ ಹಾಡು ಮತ್ತು ಶಾಸ್ತ್ರೀಯ ಸಂಗೀತ ಕೇಳುವವರ ಮಟ್ಟಿಗೆ ಆ ಮೂರೂ ಮಾತು ಅರ್ಧ ಸುಳ್ಳು. ಹತ್ತು ಕೋಟಿಯಲ್ಲಿ ನಮಗೆ ಬೇಕಾದದ್ದು ಎಲ್ಲಿದೆ ಅಂತ ಆ್ಯಪ್‌ಗೇ ಗೊತ್ತಿಲ್ಲ. ಅತ್ಯುತ್ತಮ ಗುಣಮಟ್ಟ ಅನ್ನೋದು ನಮ್ಮ ಹಾಡುಗಳಿಗೆ ಬಹುಪಾಲು ದಂಡ. ಬೆಲೆಯ ವಿಷಯವಂತೂ ಬಿಡಿ, ಅದರಲ್ಲಿ ನಮ್ಮ ಕಲಾವಿದರಿಗೆ ಎಷ್ಟು ಹೋಗುತ್ತದೆ ಅನ್ನೋ ಲೆಕ್ಕ ಕೇಳಿದರೆ ದೋಸೆ ಗಂಟಲಲ್ಲಿ ಇಳಿಯೋದಿಲ್ಲ.

ಇದೆಲ್ಲ ನನಗೆ ಹೊಳೆದದ್ದು ಆಫೀಸಿನ ದುಬಾರಿ ಹೆಡ್‌ಫೋನ್ ಒಳಗಲ್ಲ, ಹಾವೇರಿ ಜಿಲ್ಲೆಯ ನಮ್ಮೂರಿನ ಪಡಸಾಲೆಯಲ್ಲಿ.

ಅಪ್ಪನಿಗೆ ಎಪ್ಪತ್ತರ ಮೇಲಾಯ್ತು. ಧಾರವಾಡ ಆಕಾಶವಾಣಿ ಕೇಳಿಕೊಂಡೇ ಬೆಳೆದವರು. ಬೆಳಗ್ಗೆ ದಾಸರ ಪದ, ಸಂಜೆ ಚಿತ್ರಗೀತೆ, ರಾತ್ರಿ ಮಲ್ಲಿಕಾರ್ಜುನ ಮನ್ಸೂರರೋ ಬಸವರಾಜ ರಾಜಗುರುಗಳೋ ಹಾಡಿದರೆ ಊಟದ ತಾಟು ಆರಿದರೂ ಏಳುತ್ತಿರಲಿಲ್ಲ. ರೇಡಿಯೋ ಕೆಟ್ಟು ರಿಪೇರಿ ಮಾಡುವವರು ಸಿಗದೇ ಹೋದಾಗ ಹಬ್ಬಕ್ಕೆ ಹೋದ ನಾನು ಒಂದು ಆ್ಯಂಡ್ರಾಯ್ಡ್ ಫೋನು ಕೊಟ್ಟು, ಅದರಲ್ಲಿ ಆ್ಯಪ್ ಹಾಕಿ, ವರ್ಷದ ಚಂದಾ ಕಟ್ಟಿ, ಮಗನ ಕರ್ತವ್ಯ ಮುಗೀತು ಅಂತ ಬಸ್ ಹತ್ತಿ ಬೆಂಗಳೂರಿಗೆ ಬಂದೆ. ವಾರಕ್ಕೇ ಫೋನ್ ಬಂತು.

"ಏ ತಮ್ಮಾ, ನಿನ್ನ ಆ್ಯಪ್ಪಿನಾಗ ಹಾಡು ನಿಂತು ನಿಂತು ಬರಾಕತ್ತೇತಿ. ಸಂಜಿ ಆತಂದ್ರ ಅಗದೀ ಗಪ್. ರೇಡಿಯೋನ ಚಲೋ ಇತ್ತು ಬಿಡು."

"ಟವರ್ ಸಮಸ್ಯೆ ಇರಬೇಕು ಅಪ್ಪಾ" ಅಂದೆ. ಸಾಫ್ಟ್‌ವೇರ್‌ನವರಿಗೆ ಗೊತ್ತಿಲ್ಲದ್ದೆಲ್ಲ ನೆಟ್‌ವರ್ಕ್ ಸಮಸ್ಯೆಯೇ ತಾನೆ. ಮುಂದಿನ ಸಲ ಊರಿಗೆ ಹೋದಾಗ ಕೂತು ನೋಡಿದೆ. ಟವರ್ ಸರಿಯಾಗೇ ಇತ್ತು. ಬೆಳಗ್ಗೆ ಹಾಡು ಒಂದು ಸಲವೂ ನಿಲ್ಲಲಿಲ್ಲ. ಸಂಜೆ ಮಾತ್ರ ಒಂದು ಸಾಲು ಹಾಡಿ, ಮೂರು ಸಾಲಿನಷ್ಟು ಹೊತ್ತು ಸುಮ್ಮನಿರುತ್ತಿತ್ತು.

ಕಾರಣ ಹುಡುಕೋಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ, ಒಪ್ಪಿಕೊಳ್ಳೋಕೆ ಬೇಕಾಯ್ತು. ಅಪ್ಪನ ಪ್ಯಾಕ್‌ನಲ್ಲಿ ದಿನಕ್ಕೆ ಒಂದೂವರೆ ಜಿಬಿ. ಮಧ್ಯಾಹ್ನ ಶಾಲೆ ಬಿಟ್ಟು ಬರುವ ಅಣ್ಣನ ಮಗ ಅದೇ ಫೋನಿನಲ್ಲಿ ಕ್ರಿಕೆಟ್ ವಿಡಿಯೊ ನೋಡುತ್ತಾನೆ. ಐದು ಗಂಟೆಯ ಹೊತ್ತಿಗೆ ಆ ದಿನದ ಡೇಟಾ ಖಾಲಿ. ಖಾಲಿಯಾದರೆ ನೆಟ್ ಪೂರ್ತಿ ನಿಲ್ಲೋದಿಲ್ಲ, ವೇಗ ಇಳಿಯುತ್ತದೆ. ಬಹುತೇಕ ಪ್ರೀಪೇಯ್ಡ್ ಪ್ಯಾಕ್‌ಗಳ ಷರತ್ತಿನಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ, ಮಿತಿ ಮುಗಿದ ಮೇಲೆ 64 ಕೆಬಿಪಿಎಸ್. ಅಂದರೆ ಸೆಕೆಂಡಿಗೆ 8 ಕೆಬಿ.

ಇನ್ನೊಂದು ಕಡೆ, ಅಪ್ಪನ ಆ್ಯಪ್‌ನಲ್ಲಿ ಗುಣಮಟ್ಟವನ್ನು "Very High" ಅಂತ ಇಟ್ಟವನು ಯಾರು? ನಾನೇ. ಅಪ್ಪನಿಗೆ ಬೆಸ್ಟ್ ಇರಲಿ ಅಂತ. ಅದು 320 ಕೆಬಿಪಿಎಸ್. ಮೂರು ನಿಮಿಷದ ಒಂದು ಹಾಡಿಗೆ 7.2 ಎಂಬಿ. ಸೆಕೆಂಡಿಗೆ 8 ಕೆಬಿಯಂತೆ ಅದು ಇಳಿಯೋಕೆ 900 ಸೆಕೆಂಡ್ ಬೇಕು. ಮೂರು ನಿಮಿಷದ ಹಾಡಿಗೆ ಹದಿನೈದು ನಿಮಿಷ! "ಸ್ವಯಂಚಾಲಿತ" ಅಂತ ಬಿಟ್ಟಿದ್ದರೆ ಆ್ಯಪ್ ತಾನೇ ಕೆಳಗಿನ ದರ್ಜೆಗೆ ಇಳಿದು ಹೇಗೋ ಹಾಡಿಬಿಡುತ್ತಿತ್ತು. ಬಿಇ ಓದಿದ ಮಗ ಕೈ ಹಾಕಿದ್ದರಿಂದ ಅದೂ ಆಗಲಿಲ್ಲ.

ತಪ್ಪು ನನ್ನದು, ಸರಿ. ಆದರೆ ಆ ಆ್ಯಪ್ ಅಪ್ಪನಿಗೆ ಒಂದು ಸಲವಾದರೂ "ಇವತ್ತಿನ ವೇಗಕ್ಕೆ ಈ ದರ್ಜೆ ಆಗೋಲ್ಲ, ಇಳಿಸಲಾ?" ಅಂತ ಕೇಳಿತಾ? ಇಲ್ಲ. ಗುಂಡಗೆ ಸುತ್ತುವ ಚಕ್ರ ತೋರಿಸಿತು ಅಷ್ಟೇ. ಆ ಸೆಟ್ಟಿಂಗಿನಲ್ಲಿ "ಒಳ್ಳೆಯದು, ಬಹಳ ಒಳ್ಳೆಯದು" ಅಂತ ಬರೆದಿದ್ದರೇ ಹೊರತು "ಗಂಟೆಗೆ ಇಷ್ಟು ಎಂಬಿ" ಅಂತ ಬರೆದಿರಲಿಲ್ಲ. ಅದನ್ನ ಬರೆಯೋದು ಎಷ್ಟು ಸುಲಭ ಅಂತ ನೀವೇ ನೋಡಿ. ಕೆಬಿಪಿಎಸ್ ಸಂಖ್ಯೆಯನ್ನು 0.45ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಎಂಬಿ ಅಂತ ಬರುತ್ತದೆ. ಸ್ಪಾಟಿಫೈ ತನ್ನ ದರ್ಜೆಗಳಲ್ಲಿ ನಾಲ್ಕನ್ನು 24, 96, 160, 320 ಅಂತ ಬಹಿರಂಗವಾಗಿ ಹೇಳಿದೆ. ಗಂಟೆಗೆ ಸುಮಾರು 11, 43, 72, 144 ಎಂಬಿ ಆಯ್ತು. ಆ್ಯಪಲ್ ಮ್ಯೂಸಿಕ್‌ನ ಮಾಮೂಲು 256ಕ್ಕೆ 115 ಎಂಬಿ. ಮೇಲಿನ ದರ್ಜೆಗೂ ಮಧ್ಯದ್ದಕ್ಕೂ ನಡುವೆ ಮೂರು ಪಟ್ಟಿಗಿಂತ ಹೆಚ್ಚು ಅಂತರ. ಇದನ್ನ ಬಳಕೆದಾರನಿಂದ ಮುಚ್ಚಿಡೋಕೆ ಕಾರಣವೇ ಇಲ್ಲ, ಉದಾಸೀನದ ಹೊರತು.

"ಅಯ್ಯೋ, ಈಗ ಡೇಟಾ ಯಾವ ದೊಡ್ಡ ವಿಷಯ ಗುರು" ಅಂತ ನನ್ನ ಟೀಮಿನ ಗೆಳೆಯರು ಹೇಳ್ತಾರೆ. ಬೆಂಗಳೂರಿನ ಫೈಬರ್ ವೈಫೈ ಅಡಿಯಲ್ಲಿ ಕೂತವರಿಗೆ ವಿಷಯವಲ್ಲ, ಒಪ್ಪಿದೆ. ಆದರೆ ಅಪ್ಪ ದಿನಕ್ಕೆ ಎರಡು ಗಂಟೆ ಕೇಳುತ್ತಾರೆ. 320ರಲ್ಲಿ ದಿನಕ್ಕೆ 288 ಎಂಬಿ, 28 ದಿನದ ಪ್ಯಾಕ್‌ಗೆ ಎಂಟು ಜಿಬಿ. ಅಪ್ಪ ತಿರುಗಿ ತಿರುಗಿ ಕೇಳೋದು ಅದೇ ಮುನ್ನೂರು ಹಾಡು. ಆ ಮುನ್ನೂರನ್ನೂ 96ರಲ್ಲಿ ಒಮ್ಮೆ ಇಳಿಸಿಕೊಂಡರೆ, ಒಂದೊಂದು ಮೂರೂವರೆ ನಿಮಿಷ ಅಂತ ಹಿಡಿದರೂ, ಮುಕ್ಕಾಲು ಜಿಬಿ. ಆಮೇಲೆ ಸೊನ್ನೆ.

ಈಗ ಆ "ಅತ್ಯುತ್ತಮ ಗುಣಮಟ್ಟ"ದ ವಿಷಯ. 1960ರ ದಶಕದ ಕನ್ನಡ ಚಿತ್ರಗೀತೆಗಳು ಬಹುತೇಕ ಮೊನೊ. ಎಡಗಿವಿಗೂ ಬಲಗಿವಿಗೂ ಒಂದೇ ಸದ್ದು. ಪರೀಕ್ಷೆ ಮಾಡಬೇಕಾ? ಹಾಡು ಹಚ್ಚಿ ಇಯರ್‌ಫೋನಿನ ಒಂದು ಬದಿ ತೆಗೆದು ನೋಡಿ. ಯಾವ ವಾದ್ಯವೂ ಮಾಯವಾಗೋದಿಲ್ಲ. ಜತೆಗೆ ಆ ಕಾಲದ ಧ್ವನಿಮುದ್ರಣದಲ್ಲಿ ತೀರಾ ಮೇಲಿನ ಕಂಪನಗಳು ಅಷ್ಟಾಗಿ ಇರೋದೇ ಇಲ್ಲ. ಇರೋದು ದನಿ, ಪಿಟೀಲುಗಳ ಗುಂಪು, ತಬಲಾ, ಹಿಂದೊಂದು ಸಣ್ಣ ಸುಯ್ಯನೆ ಸದ್ದು. 320ರಲ್ಲಿ ನೀವು ಹೆಚ್ಚಾಗಿ ಪಡೆಯೋದು ಆ ಸುಯ್ಯನ್ನೇ, ಇನ್ನಷ್ಟು ಶುದ್ಧವಾಗಿ. ಇಂಥ ಹಾಡಿಗೆ 96 ಸಾಕು. ನಾನು ಕಣ್ಣು ಮುಚ್ಚಿ ಎರಡನ್ನೂ ಅದಲು ಬದಲು ಕೇಳಿ ಪತ್ತೆ ಹಚ್ಚಲಾಗದೆ ಸೋತಿದ್ದೇನೆ.

ಶಾಸ್ತ್ರೀಯಕ್ಕೆ ಇದೇ ಮಾತು ಹೇಳೋಲ್ಲ. ಅಲ್ಲಿ ತಂಬೂರಿ ಇದೆ. ತಂಬೂರಿಯ ಸದ್ದು ಅಂದರೆ ಒಂದು ಸ್ವರದ ಮೇಲೆ ಏರಿ ಮಿಂಚುವ ಹತ್ತಾರು ಉಪಸ್ವರಗಳು. ಕೆಳದರ್ಜೆಯ ಸಂಕೋಚನದಲ್ಲಿ ಮೊದಲು ಸಾಯೋದು ಅದೇ. 24ಕ್ಕೆ ಇಳಿಸಿ ಆಲಾಪ ಕೇಳಿ, ತಂಬೂರಿ ನೀರಿನೊಳಗಿಂದ ಕೇಳಿದಂತೆ ಬುಳುಬುಳು ಅನ್ನುತ್ತದೆ. 96ರಲ್ಲಿ ಪರವಾಗಿಲ್ಲ, 160ರಲ್ಲಿ ನೆಮ್ಮದಿ. ಅದರ ಮೇಲಿನದ್ದು ಒಳ್ಳೆಯ ಸ್ಪೀಕರೂ ಹೊಸ ಸ್ಟುಡಿಯೋ ಧ್ವನಿಮುದ್ರಣವೂ ಎರಡೂ ಇರುವವರಿಗೆ. ಫೋನಿನ ಸ್ಪೀಕರಿನಲ್ಲಿ ಲಾಸ್‌ಲೆಸ್ ಕೇಳುವವರಿಗೆ ನಾನು ಏನೂ ಹೇಳೋಲ್ಲ, ಅವರ ಡೇಟಾ ಅವರಿಷ್ಟ.

ಡೇಟಾ ಲೆಕ್ಕ ಸರಿಹೋಯ್ತು. ಅಪ್ಪನ ಹಾಡು ನಿಲ್ಲೋದೂ ನಿಂತಿತು. ಆಗಲೇ ಎರಡನೆಯ ದೂರು ಶುರು.

"ಹಾಡೇನೋ ಬರ್ತಾವಪಾ. ಆದ್ರ ನಾ ಕೇಳಿದ್ದು ಬರಂಗಿಲ್ಲ. ಅದರಂಗ ಇರೋದು ಯಾವುದೋ ಬರತೈತಿ."

ಇದು ಮೊದಲಿನದಕ್ಕಿಂತ ಗಂಭೀರ. ಅಪ್ಪನ ಹತ್ತಿರ ಕೂತು ಒಂದು ಪಟ್ಟಿ ಮಾಡಿದೆ. ಅವರಿಗೆ ಬೇಕಾದ ಇಪ್ಪತ್ತು. ಹತ್ತು 1954ರಿಂದ 1972ರ ಒಳಗಿನ ಕನ್ನಡ ಚಿತ್ರಗೀತೆ, ಹತ್ತು ಶಾಸ್ತ್ರೀಯ. ಮೂರು ಆ್ಯಪ್‌ಗಳಲ್ಲಿ ಇಪ್ಪತ್ತನ್ನೂ ಹುಡುಕಿದೆ. ಆ್ಯಪ್‌ಗಳ ಹೆಸರು ಹೇಳೋಲ್ಲ. ಮೂರರ ರೋಗವೂ ಒಂದೇ, ಯಾರನ್ನೋ ಒಬ್ಬರನ್ನು ಹಿಡಿದು ಹೊಡೆದರೆ ಉಳಿದಿಬ್ಬರಿಗೆ ಖುಷಿ ಆಗೋದು ಬೇಡ. ಹುಡುಕಿದಾಗ "ಏನೋ ಒಂದು" ಬಂದದ್ದು ಮೊದಲನೆಯದರಲ್ಲಿ 19, ಎರಡನೆಯದರಲ್ಲಿ 17, ಮೂರನೆಯದರಲ್ಲಿ 14. ಇಲ್ಲಿಗೇ ನಿಲ್ಲಿಸಿದರೆ ಮೊದಲನೆಯದು ಗೆದ್ದಿತು ಅನ್ನಬೇಕು. ಆದರೆ ಮೂಲ ಗಾಯಕರು ಹಾಡಿದ, ಪೂರ್ತಿ ಇರುವ ಧ್ವನಿಮುದ್ರಣ ಎಷ್ಟು ಅಂತ ಎಣಿಸಿದಾಗ 9, 11, 10. ಮೊದಲನೆಯದು ಕೊನೆಗೆ ಬಂತು! ಹೆಚ್ಚು ಹಾಡು ಇರೋ ಕಡೆ ಹೆಚ್ಚು ನಕಲೂ ಇರುತ್ತದೆ. ಇಪ್ಪತ್ತರ ಪಟ್ಟಿಯಿಂದ ಲೋಕಸತ್ಯ ಹೊರಡೋದಿಲ್ಲ, ಗೊತ್ತು. ಆದರೆ ಅಪ್ಪನ ಸತ್ಯ ಹೊರಟಿತು.

ಒಂದು ಉದಾಹರಣೆ ಪೂರ್ತಿ ಹೇಳ್ತೀನಿ. 'ಸಂಧ್ಯಾರಾಗ', 1966ರ ಸಿನಿಮಾ, ಅ.ನ.ಕೃ. ಕಾದಂಬರಿ ಆಧರಿಸಿದ್ದು, ಸಂಗೀತಗಾರನ ಕಥೆ. ಸಂಗೀತ ಜಿ.ಕೆ. ವೆಂಕಟೇಶ್ ಮತ್ತು ಎಂ. ಬಾಲಮುರಳಿಕೃಷ್ಣ. ಅದರಲ್ಲಿ ಭೀಮಸೇನ ಜೋಶಿ ಹಾಡಿದ್ದಾರೆ, ಬಾಲಮುರಳಿಯವರೂ ಹಾಡಿದ್ದಾರೆ. ಹಿಂದೂಸ್ತಾನಿ, ಕರ್ನಾಟಕಿ ಎರಡೂ ಒಂದೇ ಸಿನಿಮಾದಲ್ಲಿ ಸೇರಿದ್ದು ಅಪ್ಪನ ಪಾಲಿಗೆ ಹಬ್ಬ. ಕನ್ನಡ ಲಿಪಿಯಲ್ಲಿ ಸಂಧ್ಯಾರಾಗ ಅಂತ ಟೈಪ್ ಮಾಡಿದೆ. ಉಪಯೋಗಕ್ಕೆ ಬರುವಂಥದ್ದು ಏನೂ ಇಲ್ಲ. Sandhya Raga ಅಂತ ಹಾಕಿದೆ, ಸಂಜೆ ಕೇಳುವ ಕೊಳಲು ಸಂಗೀತ ಬಂತು. Sandhyaraga ಅಂತ ಕೂಡಿಸಿ ಬರೆದಾಗ ಮೊದಲಿಗೆ ಬಂದದ್ದು ಯಾರೋ ಹೊಸಬರು ಕೀಬೋರ್ಡ್ ಹಚ್ಚಿ ಹಾಡಿದ ಆವೃತ್ತಿ. ಕೊನೆಗೆ ಮೂಲ ಸಿಕ್ಕಿದ್ದು ರಾಜಕುಮಾರ್ ಹಿಟ್ಸ್ ಅನ್ನೋ ಥರದ ಒಂದು ಸಂಕಲನದೊಳಗೆ. ಅದರ ಮೇಲಿನ ವರ್ಷ, ಯಾರೋ ಅದನ್ನ ಡಿಜಿಟಲ್‌ಗೆ ಹತ್ತಿಸಿದ ವರ್ಷ. ಕಲಾವಿದರ ಹೆಸರಿನ ಜಾಗದಲ್ಲಿ ರಾಜಕುಮಾರ್.

ಇದು ಸಣ್ಣ ತಪ್ಪು ಅನ್ನಿಸಬಹುದು. ಸ್ವಲ್ಪ ಯೋಚಿಸಿ. ರಾಜಕುಮಾರ್ ತಮ್ಮ ಸಿನಿಮಾಗಳಿಗೆ ಸತತವಾಗಿ ತಾವೇ ಹಾಡತೊಡಗಿದ್ದು 1974ರ 'ಸಂಪತ್ತಿಗೆ ಸವಾಲ್' ಆದಮೇಲೆ. ಅದಕ್ಕೂ ಮೊದಲು ಅವರಿಗೆ ದನಿಯಾಗಿದ್ದವರು ಮುಖ್ಯವಾಗಿ ಪಿ.ಬಿ. ಶ್ರೀನಿವಾಸ್. ಅಣ್ಣಾವ್ರ ಮೇಲೆ ನಮಗೆ ಎಷ್ಟೇ ಅಭಿಮಾನವಿರಲಿ, ಪರದೆಯ ಮೇಲೆ ತುಟಿ ಆಡಿಸಿದವರ ಹೆಸರಿಗೆ ಹಾಡನ್ನು ಬರೆದರೆ, ಹಾಡಿದವರನ್ನು ಹುಡುಕಿದಾಗ ಆ ಹಾಡು ಬರೋದಿಲ್ಲ. ಹಾಡಿದವರ ಹೆಸರನ್ನೂ Sreenivas, Srinivas, Sreenivos ಅಂತ ಮೂರು ಥರ ಬರೆದು ಮೂವರು ಬೇರೆ ಬೇರೆ ಕಲಾವಿದರನ್ನಾಗಿ ಮಾಡಿ ಇಟ್ಟಿದ್ದಾರೆ. ಒಬ್ಬೊಬ್ಬರ ಪುಟದಲ್ಲಿ ಒಂದಿಷ್ಟು ಹಾಡು. ಸಂಗೀತ ನಿರ್ದೇಶಕರ ಹೆಸರು ಕೆಲವು ಕಡೆ ಇದೆ. ಸಾಹಿತ್ಯ ಬರೆದವರು? ಅವರನ್ನಂತೂ ಮರೆತೇಬಿಡಿ.

ಶಾಸ್ತ್ರೀಯದ ಕಡೆಗೆ ಬಂದರೆ ನಗೋದೋ ಅಳೋದೋ ಗೊತ್ತಾಗಲಿಲ್ಲ. ಕರ್ನಾಟಕಿ ಸಂಗೀತದಲ್ಲಿ ಕೃತಿ ರಚಿಸಿದವರ ಹೆಸರನ್ನೇ ಕಲಾವಿದರ ಜಾಗಕ್ಕೆ ತುಂಬಿದ್ದಾರೆ. ಹದಿನಾರನೇ ಶತಮಾನದ ಪುರಂದರದಾಸರಿಗೆ ಒಂದು ಪುಟ, ತಿಂಗಳಿಗೆ ಇಷ್ಟು ಕೇಳುಗರು ಅನ್ನೋ ಲೆಕ್ಕ, ಪಕ್ಕದಲ್ಲಿ Follow ಬಟನ್. ಫಾಲೋ ಮಾಡಿದರೆ ದಾಸರು ಹೊಸ ಹಾಡು ಬಿಟ್ಟಾಗ ತಿಳಿಸುತ್ತಾರಂತೆ! ಹಾಡಿದವರು ಯಾರು ಅಂದರೆ ಎಷ್ಟೋ ಕಡೆ ಉತ್ತರವಿಲ್ಲ. ಪಿಟೀಲು ಯಾರು, ಮೃದಂಗ ಯಾರು, ಹಾರ್ಮೋನಿಯಂ ಯಾರದು ಅನ್ನೋದಕ್ಕೆ ಜಾಗವೇ ಇಲ್ಲ. ರಾಗ? ಅದು ಹಾಡಿನ ಶೀರ್ಷಿಕೆಯಲ್ಲಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಮನ್ಸೂರರು ಹೆಸರಾಗಿದ್ದೇ ಜೈಪುರ ಅತ್ರೌಲಿ ಘರಾಣೆಯ ಅಪರೂಪದ ರಾಗಗಳಿಗೆ. ಅವರ ಹಾಡಿಕೆಯನ್ನು ರಾಗದ ಮೂಲಕ ಹುಡುಕಲಾಗದಿದ್ದರೆ, ಅದನ್ನು ಇಟ್ಟುಕೊಂಡಿದ್ದೇನೆ ಅನ್ನೋದಕ್ಕೆ ಏನರ್ಥ? ಲೈಬ್ರರಿಯಲ್ಲಿ ಪುಸ್ತಕದ ರಟ್ಟು ಕಿತ್ತು ರಾಶಿ ಹಾಕಿ, ಎಲ್ಲಾ ಇಲ್ಲೇ ಇದೆ ಹುಡುಕ್ಕೊಳ್ಳಿ ಅಂದಂತೆ.

ಇನ್ನೂ ಒಂದು ಅನ್ಯಾಯ. ಖಯಾಲು ಹಾಡುವಾಗ ಮೊದಲು ವಿಲಂಬಿತ, ಆಮೇಲೆ ದ್ರುತ. ನಿಧಾನಕ್ಕೆ ಕಟ್ಟಿದ ಮನೆಗೆ ಕೊನೆಯಲ್ಲಿ ದೀಪ ಹಚ್ಚಿದಂತೆ. ಅದನ್ನ ಎರಡು ಟ್ರ್ಯಾಕ್ ಮಾಡಿ ಕತ್ತರಿಸಿದ್ದಾರೆ. ಅಪ್ಪ ಕಿವಿ ನೆಟ್ಟು ಕೂತಿದ್ದಾಗ ಒಂದು ಬಿಟ್ಟಿ ಆವೃತ್ತಿಯಲ್ಲಿ ದ್ರುತ ಮೊದಲು ಬಂತು, ಯಾಕೆಂದರೆ ಅದರಲ್ಲಿ ಷಫಲ್ ಆರಿಸೋಕೆ ಬರುತ್ತಿರಲಿಲ್ಲ. ಆಮೇಲೆ ಸಾಲದ ಆ್ಯಪ್‌ನ ಜಾಹೀರಾತು. ಆಮೇಲೆ ಇನ್ನಾರದೋ ಭಜನೆ. ವಿಲಂಬಿತ ಬರಲೇ ಇಲ್ಲ. ಅಪ್ಪ ಏನೂ ಅನ್ನಲಿಲ್ಲ. ಫೋನನ್ನ ಮಗುಚಿ ಇಟ್ಟು ಎದ್ದು ದನದ ಕೊಟ್ಟಿಗೆಗೆ ಹೋದರು. ನನಗೆ ಅದೇ ಬೈದದ್ದಕ್ಕಿಂತ ಜಾಸ್ತಿ ಆಯ್ತು.

ಇದೆಲ್ಲ ಯಾಕೆ ಹೀಗೆ? ದಡ್ಡತನದಿಂದಲ್ಲ. ಆ್ಯಪ್ ಕಟ್ಟುವವರು ನನ್ನಂಥವರೇ, ನಮಗೆ ಟೇಬಲ್ಲಿಗೆ ನಾಲ್ಕು ಕಾಲಂ ಸೇರಿಸೋಕೆ ಬರುತ್ತೆ. ಕಾರಣ ದುಡ್ಡು ಹಂಚುವ ರೀತಿಯಲ್ಲಿದೆ. ನೀವು ಕಟ್ಟಿದ ಚಂದಾ ನೀವು ಕೇಳಿದ ಕಲಾವಿದರಿಗೆ ಹೋಗುತ್ತದೆ ಅಂದ್ಕೊಂಡಿದ್ದರೆ ಅದು ಭ್ರಮೆ. ಸಾಮಾನ್ಯ ಪದ್ಧತಿಯಲ್ಲಿ ಎಲ್ಲರ ದುಡ್ಡೂ ಒಂದು ಹಂಡೆಗೆ ಬೀಳುತ್ತದೆ, ಒಟ್ಟು ಎಷ್ಟು ಸಲ ಯಾರ ಹಾಡು ಓಡಿತು ಅನ್ನೋ ಪಾಲಿನ ಮೇಲೆ ಹಂಚುತ್ತಾರೆ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಓಡಿದರೆ ಒಂದು ಸಲ ಅಂತ ಲೆಕ್ಕ. ಮೂರು ನಿಮಿಷದ ಹಾಡೂ ಒಂದು, ಐವತ್ತು ನಿಮಿಷದ ರಾಗವೂ ಒಂದು. ಅಪ್ಪ ಒಂದು ಗಂಟೆ ಕೂತು ಒಂದು ರಾಗ ಕೇಳಿದರೆ ಆ ಕಲಾವಿದರಿಗೆ ಒಂದು ಮಾರ್ಕು. ಅದೇ ಗಂಟೆ ಪಕ್ಕದ ಮನೆಯ ಹುಡುಗ ಮೂರು ಮೂರು ನಿಮಿಷದ ಹಾಡು ಕೇಳಿದರೆ ಇಪ್ಪತ್ತು ಮಾರ್ಕು. ಜತೆಗೆ 2024ರಿಂದ ಅಲ್ಲಿ ಇನ್ನೊಂದು ನಿಯಮ ಬಂದಿದೆ, ಹನ್ನೆರಡು ತಿಂಗಳಲ್ಲಿ ಸಾವಿರ ಸಲ ಓಡದ ಹಾಡಿಗೆ ಧ್ವನಿಮುದ್ರಣದ ರಾಯಲ್ಟಿಯೇ ಇಲ್ಲ. ಅಪರೂಪದ ರಾಗ, ಮರೆತ ಸಿನಿಮಾ, ಊರಿನ ಸಂಗೀತ ಶಾಲೆಯ ಗುರುಗಳು ಹಾಡಿದ ದಾಸರ ಪದ, ಇವೆಲ್ಲ ಹೆಚ್ಚಾಗಿ ಆ ಸಾವಿರದ ಗೆರೆಯ ಕೆಳಗೇ ಇರುವಂಥವು.

ಹಾಗಿರುವಾಗ ಒಂದು ಕಂಪನಿ ಹಳೆಯ ಧ್ವನಿಮುದ್ರಣಕ್ಕೆ ಸರಿಯಾದ ಹೆಸರು, ವರ್ಷ, ರಾಗ, ಪಕ್ಕವಾದ್ಯ ತುಂಬೋಕೆ ಒಬ್ಬ ಮನುಷ್ಯನಿಗೆ ಸಂಬಳ ಯಾಕೆ ಕೊಡುತ್ತೆ? ಐವತ್ತು ನಿಮಿಷದ ರಾಗವನ್ನು ಕತ್ತರಿಸಿದರೇ ಲಾಭ. ಅಂದರೆ ಕತ್ತರಿ ಆಕಸ್ಮಿಕ ಅಲ್ಲ ಸ್ವಾಮಿ, ಲೆಕ್ಕದ ಸಹಜ ಫಲ. ಎಲ್ಪಿ ತಟ್ಟೆಯ ಒಂದು ಬದಿಗೆ ಇಪ್ಪತ್ತು ಚಿಲ್ಲರೆ ನಿಮಿಷ ಅನ್ನೋ ಮಿತಿ ಇತ್ತು, ಅದಕ್ಕೂ ಮುಂಚಿನ 78 ಆರ್‌ಪಿಎಂ ತಟ್ಟೆಗೆ ಮೂರು ಚಿಲ್ಲರೆ ನಿಮಿಷ. ಆ ಮಿತಿಗಳು ವಿನೈಲ್, ಅರಗಿನವು. ಈಗಿನ ಮಿತಿ ಎಕ್ಸೆಲ್ ಶೀಟಿನದು.

"ಇದನ್ನೆಲ್ಲ ಸರಿಮಾಡೋದು ತಾಂತ್ರಿಕವಾಗಿ ಕಷ್ಟ" ಅಂತ ಹೇಳುವವರಿಗೆ ಒಂದು ಮಾತು. ಆ್ಯಪಲ್ 2023ರಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕಾಗಿಯೇ ಒಂದು ಬೇರೆ ಆ್ಯಪ್ ತಂದಿತು. ಅಲ್ಲಿ ರಚನಕಾರ, ಕೃತಿ, ಕೃತಿಯ ಸಂಖ್ಯೆ, ನಿರ್ವಾಹಕ, ವಾದ್ಯವೃಂದ ಎಲ್ಲದರಿಂದಲೂ ಹುಡುಕಬಹುದು. ಬಾಖ್‌ಗೆ ಸಾಧ್ಯವಾದದ್ದು ಪುರಂದರದಾಸರಿಗೆ ಅಸಾಧ್ಯ ಅಂದರೆ ನಂಬೋಕೆ ನಾನು ತಯಾರಿಲ್ಲ. ಕಂಪನಿಗಳು ಆ್ಯಪ್‌ಗಳಿಗೆ ಹಾಡು ಕಳಿಸುವಾಗ ಬಳಸುವ ಡಿಡಿಇಎಕ್ಸ್ ಅನ್ನೋ ಮಾನಕದಲ್ಲೂ ಸಂಗೀತ ನಿರ್ದೇಶಕ, ಸಾಹಿತಿ, ವಾದಕ ಇವರಿಗೆ ಬೇರೆ ಬೇರೆ ಪಾತ್ರ ಬರೆಯೋ ಜಾಗವಿದೆ. ಜಾಗ ಖಾಲಿ ಇದೆ, ತುಂಬುವವರಿಲ್ಲ. ಕಷ್ಟ ಇರೋದು ಕೋಡಿನಲ್ಲಲ್ಲ, ಹಳೆಯ ತಟ್ಟೆಯ ಲಕೋಟೆ ತೆಗೆದು ಹಿಂಬದಿ ಓದುವ ತಾಳ್ಮೆಯಲ್ಲಿ.

ಮತ್ತೊಂದು ವಾದ ಬರುತ್ತೆ: "ಇದೆಲ್ಲ ಯಾಕೆ, ಯೂಟ್ಯೂಬ್‌ನಲ್ಲಿ ಎಲ್ಲಾ ಇದೆಯಲ್ಲ." ಇದೆ, ಸುಳ್ಳಲ್ಲ. ನನ್ನ ಇಪ್ಪತ್ತರ ಪಟ್ಟಿಯಲ್ಲಿ ಹದಿನೆಂಟು ಅಲ್ಲಿ ಸರಿಯಾದದ್ದೇ ಸಿಕ್ಕವು. ಅದಕ್ಕೆ ಕಾರಣ ಕಂಪನಿಯಲ್ಲ, ತಮ್ಮ ಮನೆಯ ಕ್ಯಾಸೆಟ್ಟುಗಳನ್ನು ಕೂತು ಹತ್ತಿಸಿದ, ಕೆಳಗೆ ರಾಗ, ತಾಳ, ತಬಲಾದವರ ಹೆಸರು ಬರೆದ ಯಾರೋ ರಸಿಕರು. ಅವರಿಗೆ ನನ್ನ ದೊಡ್ಡ ನಮಸ್ಕಾರ. ಆದರೆ ಯಾವುದೋ ಒಂದು ಹಕ್ಕಿನ ದೂರು ಬಂದ ದಿನ ಆ ಚಾನೆಲ್ಲೇ ಇರೋದಿಲ್ಲ. ಮತ್ತೆ ಅದು ವಿಡಿಯೊ. ಮನ್ಸೂರರ ಒಂದೇ ಒಂದು ನಿಂತ ಫೋಟೊ ನೋಡೋಕೆ ಅಪ್ಪನ ಡೇಟಾ ಯಾಕೆ ಸುಡಬೇಕು? ಪರದೆ ಆರಿಸಿದರೆ ಹಾಡೂ ನಿಲ್ಲುತ್ತದೆ, ನಿಲ್ಲಬಾರದು ಅಂದರೆ ಅದಕ್ಕೂ ಚಂದಾ.

ಹಾಗಂತ ಚಂದಾ ಕಟ್ಟಿದ ಆ್ಯಪ್‌ನಲ್ಲಿ ಹಾಡು ಶಾಶ್ವತವಾ? ಅದೂ ಇಲ್ಲ. ಸ್ಪಾಟಿಫೈ ಭಾರತಕ್ಕೆ ಬಂದದ್ದು 2019ರ ಫೆಬ್ರವರಿಯಲ್ಲಿ. ಎಚ್‌ಎಂವಿಯ ಹಳೆಯ ಭಂಡಾರವೆಲ್ಲ ಇರೋದು ಸರೆಗಮ ಕೈಯಲ್ಲಿ, ಅದರ ಜತೆ ಒಪ್ಪಂದವಾದದ್ದು 2020ರಲ್ಲಿ. ಅದಕ್ಕೆ ಮುಂಚೆ ಬಹಳ ಕಾಲ ಆ ಹಾಡುಗಳು ಅಲ್ಲಿರಲಿಲ್ಲ. 2023ರಲ್ಲಿ ಜೀ ಮ್ಯೂಸಿಕ್ ಹಾಡುಗಳು ಕೆಲ ಕಾಲ ಅಲ್ಲಿಂದ ಮಾಯವಾಗಿ ಮತ್ತೆ ಬಂದವು. 2024ರಲ್ಲಿ ವಿಂಕ್ ಬಾಗಿಲು ಹಾಕಿತು. ಇಳಿಸಿಕೊಂಡ ಹಾಡು ನಿಮ್ಮದು ಅಂದುಕೊಂಡರೆ ಅದೂ ತಪ್ಪು. ಅದು ಬೀಗ ಹಾಕಿದ ಪೆಟ್ಟಿಗೆ, ಸ್ಪಾಟಿಫೈನಲ್ಲಿ 30 ದಿನಕ್ಕೊಮ್ಮೆಯಾದರೂ ನೆಟ್‌ಗೆ ಬಂದು ಹಾಜರಿ ಹಾಕದಿದ್ದರೆ ತೆರೆಯೋದಿಲ್ಲ. ಅಪ್ಪ ರಿಚಾರ್ಜ್ ಮಾಡಿಸೋದು ಮರೆತ ತಿಂಗಳು ಮುನ್ನೂರು ಹಾಡೂ ಮೂಕ.

ಹಾಗಾಗಿ ನಾನು ಕೊನೆಗೆ ಏನು ಮಾಡಿದೆ ಹೇಳ್ತೀನಿ, ಬೇಕಾದರೆ ನೀವೂ ಮಾಡಿ. ಮೂರರಲ್ಲಿ ಎರಡನೆಯ ಆ್ಯಪ್ ಒಂದನ್ನೇ ಇಟ್ಟುಕೊಂಡೆ, ಹಾಡಿನ ಸಂಖ್ಯೆ ನೋಡಿ ಅಲ್ಲ, ಅಪ್ಪನ ಇಪ್ಪತ್ತರ ಪಟ್ಟಿ ನೋಡಿ. ಮೊಬೈಲ್ ಡೇಟಾಕ್ಕೆ 96, ಇಳಿಸಿಕೊಳ್ಳೋಕೆ 160 ಅಂತ ಇಟ್ಟೆ. ಹಾಡಿನ ಜತೆ ಓಡುವ ಸಣ್ಣ ವಿಡಿಯೊ ತುಣುಕುಗಳನ್ನು ಆರಿಸಿದೆ. ಒಂದು ಗಂಟೆ ಹೊಸ ಹಾಡು ಓಡಿಸಿ, ಫೋನಿನ ಸೆಟ್ಟಿಂಗ್‌ನಲ್ಲಿ ಆ ಆ್ಯಪ್ ಎಷ್ಟು ಡೇಟಾ ತಿಂದಿತು ಅಂತ ಮೊದಲು ಮತ್ತು ಆಮೇಲೆ ನೋಡಿದೆ. 43 ಬರಬೇಕಿದ್ದ ಕಡೆ 50ರ ಆಸುಪಾಸು ಬಂತು, ಚಿತ್ರಗಳು ಮತ್ತು ಮುಂದಿನ ಹಾಡನ್ನು ಮೊದಲೇ ತರಿಸಿಕೊಂಡದ್ದು ಸೇರಿ. ಅದು ಸರಿ. ನೂರು ದಾಟಿದ್ದರೆ ಎಲ್ಲೋ ಸೆಟ್ಟಿಂಗ್ ತಪ್ಪಿದೆ ಅಂತ ತಿಳಿಯಬೇಕು. ಪರೀಕ್ಷೆಗೆ ಹಳೆಯದೇ ಹಾಡು ಹಚ್ಚಬೇಡಿ, ಅದು ಫೋನಿನಲ್ಲೇ ಉಳಿದಿರುತ್ತದೆ, ಲೆಕ್ಕ ಕಡಿಮೆ ಬರುತ್ತದೆ.

ಆಮೇಲೆ ಅಟ್ಟದಿಂದ ಕ್ಯಾಸೆಟ್ ಪೆಟ್ಟಿಗೆ ಇಳಿಸಿದೆ. ಸಂಗೀತಾ, ಲಹರಿ, ಎಚ್‌ಎಂವಿ, ಜತೆಗೆ ಒಂದಿಷ್ಟು ಸಿಡಿ. ಟೇಪ್‌ರೆಕಾರ್ಡರಿನಿಂದ ಲ್ಯಾಪ್‌ಟಾಪಿಗೆ ತಂತಿ ಹಾಕಿ, ಎರಡು ರಜೆ ಕೂತು, ಎಲ್ಲವನ್ನೂ ಫೈಲ್ ಮಾಡಿದೆ. ಹೆಸರುಗಳನ್ನು ಕನ್ನಡದಲ್ಲೇ ಬರೆದೆ: ಸಿನಿಮಾ, ವರ್ಷ, ಹಾಡಿದವರು, ಸಂಗೀತ, ಸಾಹಿತ್ಯ. ಅಪ್ಪ ಪಕ್ಕದಲ್ಲಿ ಕೂತು ಹೇಳಿದರು, ನಾನು ಟೈಪ್ ಮಾಡಿದೆ. ರಾಗ ಗೊತ್ತಿದ್ದ ಕಡೆ ರಾಗ. 32 ಜಿಬಿಯ ಒಂದು ಮೆಮೊರಿ ಕಾರ್ಡಿಗೆ 160ರಲ್ಲಿ ನಾನೂರಕ್ಕೂ ಹೆಚ್ಚು ಗಂಟೆ ಹಿಡಿಯುತ್ತದೆ. ನಮ್ಮ ಇಡೀ ಪೆಟ್ಟಿಗೆ ಅದರ ಮೂಲೆಗೂ ಸಾಲಲಿಲ್ಲ. ಹೊಸದು ಕೇಳಬೇಕು ಅನ್ನಿಸಿದಾಗ ಆಕಾಶವಾಣಿಯ ನ್ಯೂಸ್‌ಆನ್‌ಏರ್ ಆ್ಯಪ್‌ನಲ್ಲಿ ರಾಗಂ ಇದೆ, 2016ರ ಜನವರಿ 26ರಂದು ಶುರುವಾದ ಇಪ್ಪತ್ನಾಲ್ಕು ಗಂಟೆಯ ಶಾಸ್ತ್ರೀಯ ವಾಹಿನಿ. ಹಾಡೋಕೆ ಮುಂಚೆ ಕಲಾವಿದರ ಹೆಸರು, ರಾಗ, ಪಕ್ಕವಾದ್ಯದವರ ಹೆಸರು ಹೇಳೋದು ಆಕಾಶವಾಣಿಯ ಹಳೆಯ ಪದ್ಧತಿ. ಹತ್ತು ಕೋಟಿ ಹಾಡಿನವರಿಗೆ ಬಾರದ ಕೆಲಸ ಒಬ್ಬ ಉದ್ಘೋಷಕರಿಗೆ ಬರುತ್ತೆ.

ಆ್ಯಪ್‌ನವರಿಗೆ ನನ್ನ ಬೇಡಿಕೆ ಮೂರೇ. ಹಳೆಯ ಹಾಡಿಗೆ ಅದು ಹುಟ್ಟಿದ ವರ್ಷ ಬರೆಯಿರಿ, ಹತ್ತಿಸಿದ ವರ್ಷ ಅಲ್ಲ, ಮೂಲವೋ ಮರುಹಾಡಿದ್ದೋ ಹೇಳಿ. ಗುಣಮಟ್ಟದ ಸೆಟ್ಟಿಂಗ್ ಪಕ್ಕ ಗಂಟೆಗೆ ಎಷ್ಟು ಎಂಬಿ ಅಂತ ಬರೆಯಿರಿ. ಮತ್ತು ಎಷ್ಟು ಸಲ ಓಡಿತು ಅಂತಲ್ಲ, ಎಷ್ಟು ನಿಮಿಷ ಕೇಳಿದರು ಅಂತ ನೋಡಿ ದುಡ್ಡು ಹಂಚಿ. ಮೊದಲೆರಡನ್ನು ಈ ವರ್ಷವೇ ಮಾಡಬಹುದು. ಮೂರನೆಯದಕ್ಕೆ ನಾವು ಕೇಳುಗರು ಗಲಾಟೆ ಮಾಡಬೇಕು. ಚಂದಾ ರದ್ದು ಮಾಡುವಾಗ "ಯಾಕೆ ಬಿಡುತ್ತಿದ್ದೀರಿ" ಅನ್ನೋ ಖಾನೆ ಬರುತ್ತಲ್ಲ, ಅಲ್ಲಿ ಬೇಜಾರಿಲ್ಲದೆ ಬರೆಯಿರಿ. ಅದನ್ನ ಓದುವವರು ಒಳಗಡೆ ಇರ್ತಾರೆ, ನನಗೆ ಗೊತ್ತು, ಅಂಥ ವರದಿಗಳ ಮೇಲೆ ನಾನೂ ಕೆಲಸ ಮಾಡಿದ್ದೇನೆ.

ಕಳೆದ ವಾರ ಅಪ್ಪ ಫೋನ್ ಮಾಡಿದ್ದರು. ಹಿಂದೆ ಮನ್ಸೂರರು ಕೇಳುತ್ತಿದ್ದರು, ವಿಲಂಬಿತ, ಕಾರ್ಡಿನಿಂದ.

"ಮುಗದ ಮ್ಯಾಲೆ ಮಾತಾಡ್ತೀನಿ, ಇಡು" ಅಂದರು. ಇಟ್ಟೆ.